ಬೆನ್ನಿನ ಚೀಲ, ಸೊಂಟದ ಲೆಕ್ಕ

ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡ್ ಪೇಟೆಯ ತಗ್ಗಿನಲ್ಲಿ ಪೆರೇಡ್ ಎಂಬ ಅಂಗಡಿಬೀದಿ ಇದೆ. ಅಲ್ಲಿಂದ ಮಿಲ್ ಸ್ಟ್ರೀಟ್ ಏರುತ್ತ ಹೋಗಿ ಹೋಲಿ ಟ್ರಿನಿಟಿ ಚರ್ಚಿನ ಹತ್ತಿರ ದಿಣ್ಣೆಯ ನೆತ್ತಿ ಸೇರುತ್ತದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಈ ಏರಿನಲ್ಲಿ ಶಾಲೆಗೆ ಹೋಗುವ ಮಕ್ಕಳನ್ನು ಎದುರಿನಿಂದ ನೋಡಿದರೆ ವಿಶೇಷವೇನೂ ಕಾಣುವುದಿಲ್ಲ. ರಸ್ತೆಯ ಆಚೆ ಬದಿ ನಿಂತು ಪಕ್ಕದಿಂದ ನೋಡಬೇಕು. ಆಗ ಬ್ಲೇಜರ್ ತೊಟ್ಟ ಒಂದೊಂದು ಮೈಯೂ ಸೊಂಟದಿಂದ ಮೇಲಕ್ಕೆ ಮುಂದಕ್ಕೆ ಓಲಿರುವುದು ಕಾಣುತ್ತದೆ. ಓರೆ ಎಲ್ಲರದೂ ಒಂದೇ ಅಲ್ಲ. ದಪ್ಪ ಚೀಲದವರದು ಹೆಚ್ಚು, ಸಣ್ಣ ಚೀಲದವರದು ಕಡಿಮೆ. ಚೀಲ ಸಣ್ಣದಿದ್ದರೂ ಪಟ್ಟಿ ಸಡಿಲ ಬಿಟ್ಟು ಅದನ್ನು ಪೃಷ್ಠದ ಮೇಲೆ ಕುಣಿಸಿಕೊಂಡು ಹೋಗುವವರದು ಮತ್ತೂ ಹೆಚ್ಚು.

ನಮ್ಮವರು ಇದನ್ನು ಕಂಡ ಕೂಡಲೇ "ಅಯ್ಯೋ, ಮಗುವಿನ ಬೆನ್ನು ಬಾಗಿಹೋಯಿತು" ಅನ್ನುತ್ತಾರೆ. ಬಾಗಿರುವುದು ಬೆನ್ನಲ್ಲ, ಬಹುಪಾಲು ಸೊಂಟದ ಕೀಲು. ಅದು ಸೋತು ಬಾಗಿದ್ದೂ ಅಲ್ಲ. ಯಾರೂ ಹೇಳಿಕೊಡದೆ, ಚೀಲ ಹೆಗಲೇರಿದ ಒಂದೆರಡು ಹೆಜ್ಜೆಯೊಳಗೆ ಆ ಮೈ ಹಾಕಿದ ಲೆಕ್ಕದ ಉತ್ತರ ಅದು. ನಾನು ವೃತ್ತಿಯಿಂದ ಫಿಸಿಯೋಥೆರಪಿಸ್ಟ್. ವರ್ಷಗಟ್ಟಲೆ ಇದನ್ನು ನೋಡಿದ ಮೇಲೂ ಈ ಲೆಕ್ಕದ ಜಾಣತನಕ್ಕೆ ತಲೆದೂಗುವುದು ನಿಂತಿಲ್ಲ. ಅದನ್ನು ಒಬ್ಬ ಹುಡುಗನ ಚೀಲ ಹಿಡಿದು ಬಿಡಿಸಿ ನೋಡೋಣ.

ಹುಡುಗ ನಮ್ಮ ಪರಿಚಯದ ಕನ್ನಡ ಮನೆಯವನು, ಇಲ್ಲಿಯ ಲೆಕ್ಕದಲ್ಲಿ ಇಯರ್ ಸೆವೆನ್. ಅಂದರೆ ಹನ್ನೊಂದು ತುಂಬಿ ಸೆಕೆಂಡರಿ ಶಾಲೆಗೆ ಕಾಲಿಟ್ಟ ಮೊದಲ ವರ್ಷ. ಪ್ರೈಮರಿಯಲ್ಲಿ ಇಡೀ ದಿನ ಒಂದೇ ಕೋಣೆ, ಪುಸ್ತಕ ಅಲ್ಲೇ ಉಳಿಯುತ್ತಿತ್ತು. ಸೆಕೆಂಡರಿಯಲ್ಲಿ ಪಾಠಕ್ಕೊಂದು ಕೋಣೆ, ಚೀಲವೂ ಕೋಣೆಯಿಂದ ಕೋಣೆಗೆ ಜೊತೆಗೇ ಬರಬೇಕು. ಅವನ ಅಮ್ಮ ಹಾಸನದ ಕಡೆಯವರು. "ನೋಡಿ ಸರ್, ಆರು ತಿಂಗಳಲ್ಲಿ ಮುದುಕನ ಹಾಗೆ ನಡೀತಿದಾನೆ" ಎಂದು ಕರೆದು ತೋರಿಸಿದರು. ಹುಡುಗ ಗೋಡೆಗೊರಗಿ, "ಎಲ್ಲರೂ ಹಾಗೇ ನಡೀತಾರೆ ಅಂಕಲ್" ಅಂದ. ಅವನು ಹೇಳಿದ್ದೂ ಸುಳ್ಳಲ್ಲ.

ಬಾತ್‌ರೂಮಿನ ತೂಕದ ಯಂತ್ರವನ್ನು ಹಾಲ್‌ಗೆ ತಂದೆವು. ಚೀಲವಿಲ್ಲದೆ 36 ಕಿಲೋ, ಹೊತ್ತು ನಿಂತರೆ 42. ಆರು ಕಿಲೋದ ಚೀಲವನ್ನು ನೆಲದ ಮೇಲೆ ಬಿಚ್ಚಿದೆವು. ಚಾರ್ಜರ್ ಸಮೇತ ಕ್ರೋಮ್‌ಬುಕ್ 1.4 ಕಿಲೋ, ಫುಟ್‌ಬಾಲ್ ಬೂಟಿನ ಜೊತೆ ಪಿ.ಇ. ಬಟ್ಟೆ 1.3, ಪುಸ್ತಕ ಮತ್ತು ನೋಟ್‌ಬುಕ್ 1.3, ತುಂಬಿದ ನೀರಿನ ಬಾಟಲಿ 0.8, ಊಟದ ಡಬ್ಬಿ ಅರ್ಧ ಕಿಲೋ, ಖಾಲಿ ಚೀಲವೇ 0.7. ಓದಿಗೆ ಸಂಬಂಧಪಟ್ಟದ್ದು ಅರ್ಧಕ್ಕಿಂತ ಕಡಿಮೆ. ಮೈತೂಕದ ಆರನೇ ಒಂದು ಪಾಲು ಬೆನ್ನಿನ ಮೇಲೆ ಇತ್ತು.

ಈಗ ನಿಲ್ಲುವ ಲೆಕ್ಕ. ನಿಂತ ಮೈಯ ಒಟ್ಟು ತೂಕವನ್ನು ಒಂದೇ ಬಿಂದುವಿನಲ್ಲಿ ಇಟ್ಟಂತೆ ಭಾವಿಸಿದರೆ ಆ ಗುರುತ್ವಕೇಂದ್ರ ಹೊಕ್ಕುಳಿನ ಸ್ವಲ್ಪ ಕೆಳಗೆ, ಮೈಯ ಒಳಗೆ ಬರುತ್ತದೆ. ಅಲ್ಲಿಂದ ತೂಗುಗುಂಡು ಇಳಿಬಿಟ್ಟರೆ ಅದು ಕಾಲಿನ ಹರಡಿಗಿಂತ ನಾಲ್ಕೈದು ಸೆಂಟಿಮೀಟರ್ ಮುಂದೆ, ಪಾದದ ನಡುವಿಗೆ ಸಮೀಪ ಬೀಳುತ್ತದೆ. ಪಾದದ ಹಿಮ್ಮಡಿ ಹರಡಿನ ಹಿಂದಕ್ಕೆ ಚಾಚಿರುವುದು ಬಹಳ ಕಡಿಮೆ, ಬೆರಳಿನ ಕಡೆಗೆ ಚಾಚಿರುವುದು ಹೆಚ್ಚು. ಅಂದರೆ ಮುಂದಕ್ಕೆ ಓಲಾಡಲು ನಮಗೆ ಬೇಕಾದಷ್ಟು ಜಾಗವಿದೆ, ಹಿಂದಕ್ಕೆ ಇಲ್ಲ. ಬೆನ್ನಿನ ಚೀಲ ಎಳೆಯುವುದು ಸರಿಯಾಗಿ ಆ ಜಾಗವಿಲ್ಲದ ದಿಕ್ಕಿಗೇ.

ಎಷ್ಟು ಎಳೆಯುತ್ತದೆ? ಚೀಲದ ತೂಕದ ನಡುಬಿಂದು ಮೈಯ ನಡುಗೆರೆಯಿಂದ ಸುಮಾರು 20 ಸೆಂ.ಮೀ. ಹಿಂದೆ ಇದೆ ಎಂದಿಟ್ಟುಕೊಳ್ಳಿ. 6 ಕಿಲೋವನ್ನು 20ರಿಂದ ಗುಣಿಸಿದರೆ 120. ಅದನ್ನು ಒಟ್ಟು ತೂಕವಾದ 42ರಿಂದ ಭಾಗಿಸಿದರೆ ಮೂರಕ್ಕೆ ಕೊಂಚ ಕಡಿಮೆ. ಹುಡುಗ ನೆಟ್ಟಗೇ ನಿಂತರೆ ಅವನ ಮತ್ತು ಚೀಲದ ಕೂಡುತೂಕದ ಕೇಂದ್ರ ಹತ್ತಿರ ಹತ್ತಿರ ಮೂರು ಸೆಂ.ಮೀ. ಹಿಂದೆ ಸರಿದು ಹರಡಿನ ಹತ್ತಿರಕ್ಕೇ ಬರುತ್ತದೆ. ಬಿದ್ದೇಹೋಗುವುದಿಲ್ಲ. ಆದರೆ ಯಾರಾದರೂ ಮುಂದಿನಿಂದ ಒಂದು ಬೆರಳಲ್ಲಿ ತಳ್ಳಿದರೂ ಹಿಂದೆ ಹೆಜ್ಜೆ ಇಡಬೇಕಾಗುತ್ತದೆ. ಮೈಗೆ ಆ ಸ್ಥಿತಿ ಇಷ್ಟವಿಲ್ಲ. ಕಳೆದುಕೊಂಡ ಮೂರು ಸೆಂ.ಮೀ.ಯನ್ನು ಅದು ವಾಪಸು ತಂದುಕೊಳ್ಳಬೇಕು.

ತಂದುಕೊಳ್ಳಲು ಎರಡು ದಾರಿ. ಒಂದು, ಮೈಯನ್ನು ಮರದ ಹಲಗೆಯಂತೆ ನೇರವಾಗಿಟ್ಟು ಹರಡಿನಿಂದ ಇಡಿಯಾಗಿ ಮುಂದಕ್ಕೆ ವಾಲಿಸುವುದು. ಇದಕ್ಕೆ ಬರೀ 2 ಡಿಗ್ರಿ ಸಾಕು, ಏಕೆಂದರೆ ಹರಡಿನಿಂದ ಗುರುತ್ವಕೇಂದ್ರದ ಎತ್ತರ ಸುಮಾರು 80 ಸೆಂ.ಮೀ. ಅಷ್ಟು ಎತ್ತರದಲ್ಲಿ 2 ಡಿಗ್ರಿ ಅಂದರೆ ಮೂರು ಸೆಂ.ಮೀ. ಹತ್ತಿರವೇ ಆಯಿತು. ಇನ್ನೊಂದು, ಕಾಲನ್ನು ಹಾಗೇ ಬಿಟ್ಟು ಸೊಂಟದ ಕೀಲಿನಿಂದ ಮೇಲಿನ ಭಾಗವನ್ನಷ್ಟೇ ಮುಂದಕ್ಕೆ ಓಲಿಸುವುದು. ತಲೆ, ಕೈ, ಮುಂಡ ಸೇರಿ ಮೈತೂಕದ ಮೂರರಲ್ಲೆರಡು ಪಾಲು, ಈ ಹುಡುಗನಲ್ಲಿ 24 ಕಿಲೋ. ಅದರ ನಡುಬಿಂದು ಸೊಂಟದ ಕೀಲಿನಿಂದ 28 ಸೆಂ.ಮೀ. ಮೇಲೆ, ಚೀಲದ್ದು 30 ಸೆಂ.ಮೀ. ಮೇಲೆ ಎಂದು ಹಿಡಿದು ಲೆಕ್ಕ ಹಾಕಿದರೆ ಬರುವ ಓರೆ 8 ಡಿಗ್ರಿ.

ಎರಡು ಡಿಗ್ರಿಯಲ್ಲಿ ಮುಗಿಯುವ ಕೆಲಸಕ್ಕೆ ಮಕ್ಕಳು ಯಾಕೆ ಎಂಟು ಡಿಗ್ರಿಯ ದಾರಿ ಹಿಡಿಯುತ್ತಾರೆ? ಇಡೀ ವಿಷಯದ ಸೊಗಸು ಇಲ್ಲಿದೆ.

ಹಲಗೆಯಂತೆ ವಾಲಿದರೆ ಪಾದದ ಸಮಸ್ಯೆ ಬಗೆಹರಿಯುತ್ತದೆ, ಸೊಂಟದ್ದು ಬಗೆಹರಿಯುವುದಿಲ್ಲ. ಚೀಲ ಈಗಲೂ ಸೊಂಟದ ಕೀಲಿನಿಂದ ಸುಮಾರು 20 ಸೆಂ.ಮೀ. ಹಿಂದೆ ನೇತಾಡುತ್ತ ಮುಂಡವನ್ನು ಹಿಂದಕ್ಕೆ ಮಗುಚಲು ನೋಡುತ್ತಿದೆ. ಅದನ್ನು ತಡೆಯಬೇಕಾದದ್ದು ಕೀಲಿನ ಮುಂಭಾಗದ ಸ್ನಾಯುಗಳು. ಅವುಗಳಲ್ಲಿ ಮುಖ್ಯವಾದದ್ದು ಇಲಿಯೊಸೋವಸ್. ಕೆಳಬೆನ್ನಿನ ಮೂಳೆಗಳ ಪಕ್ಕದಿಂದಲೂ ಸೊಂಟದ ಮೂಳೆಯ ಒಳಗಿನಿಂದಲೂ ಹೊರಟು, ತೊಡೆಸಂದಿನ ಮುಂದೆ ಹಾದು ತೊಡೆಮೂಳೆಗೆ ಅಂಟಿಕೊಳ್ಳುವ ಆಳದ ಸ್ನಾಯು ಇದು. ನಾವು ಮಂಡಿ ಎತ್ತಿ ಮೆಟ್ಟಿಲು ಹತ್ತುವಾಗ ತೊಡೆಯನ್ನು ಮೇಲೆಳೆಯುವುದೂ ಇದೇ. ಬಲಶಾಲಿ, ಆದರೆ ಸೊಂಟದ ಕೀಲಿನ ನಡುಬಿಂದುವಿಗೆ ತೀರ ಹತ್ತಿರದಲ್ಲಿ, ಎರಡು ಮೂರು ಸೆಂ.ಮೀ. ಅಂತರದಲ್ಲಿ ಹಾದುಹೋಗುತ್ತದೆ. ಬಾಗಿಲನ್ನು ಕೀಲಿನ ಪಕ್ಕದಲ್ಲೇ ಹಿಡಿದು ಮುಚ್ಚಲು ಹೋದಂತೆ, ಅಷ್ಟು ಹತ್ತಿರದಿಂದ ಎಳೆಯುವವನಿಗೆ ಶ್ರಮ ಹೆಚ್ಚು. ಚೀಲ 6 ಕಿಲೋ, ದೂರ 20 ಸೆಂ.ಮೀ. ಸ್ನಾಯುವಿನ ದೂರವನ್ನು ಧಾರಾಳವಾಗಿ 3 ಸೆಂ.ಮೀ. ಎಂದೇ ಕೊಟ್ಟರೂ ಬೇಕಾಗುವ ಎಳೆತ 40 ಕಿಲೋ. ಎರಡೂ ಕಡೆಗೆ ಹಂಚಿದರೆ ತಲಾ ಇಪ್ಪತ್ತು. ಆರು ಕಿಲೋದ ಚೀಲವನ್ನು ಬೆನ್ನಿನ ಹಿಂದೆ ನೆಟ್ಟಗೆ ಹೊರಬೇಕಾದರೆ, ಬಿಡುವಿಲ್ಲದೆ ಇಷ್ಟು ತೆರಬೇಕು.

ಸೊಂಟದಿಂದ 8 ಡಿಗ್ರಿ ಓಲಿದಾಗ ಏನಾಗುತ್ತದೆ ನೋಡಿ. ಮೈಯ ಮೇಲಿನ ಭಾಗದ 24 ಕಿಲೋ ಸೊಂಟದ ಕೀಲಿನಿಂದ ನಾಲ್ಕು ಸೆಂ.ಮೀ. ಮುಂದೆ ಬರುತ್ತದೆ, ಅದು ಮುಂದಕ್ಕೆ ಉರುಳಲು ನೋಡುತ್ತದೆ. ಚೀಲ ಸ್ವಲ್ಪ ಮುಂದೆ ಬಂದು ಕೀಲಿನಿಂದ ಹದಿನಾರು ಸೆಂ.ಮೀ. ಹಿಂದೆ ಉಳಿಯುತ್ತದೆ, ಅದು ಹಿಂದಕ್ಕೆ ಉರುಳಲು ನೋಡುತ್ತದೆ. 24ನ್ನು 4ರಿಂದ ಗುಣಿಸಿದರೆ 96. 6ನ್ನು 16ರಿಂದ ಗುಣಿಸಿದರೂ 96. ಎರಡು ಎಳೆತಗಳೂ ಒಂದಕ್ಕೊಂದು ಸಮವಾಗಿ, ಸ್ನಾಯುವಿಗೆ ಉಳಿಯುವ ಕೆಲಸ ಚೀಲವಿಲ್ಲದಾಗ ಇದ್ದಷ್ಟೇ. ಹುಡುಗ ತನ್ನ ತಲೆ ಮತ್ತು ಎದೆಯ ತೂಕವನ್ನೇ ಎದುರುತೂಕವಾಗಿ ಹೂಡಿ ಚೀಲವನ್ನು ಪುಕ್ಕಟೆಯಾಗಿ ತೂಗಿಸಿಬಿಟ್ಟ. ಇನ್ನು "ನೆಟ್ಟಗೆ ನಿಲ್ಲೋ" ಎಂದು ನಾವು ಗದರಿಸುವುದು ಅವನಿಗೆ ಆ ನಲವತ್ತು ಕಿಲೋದ ಬಿಲ್ಲು ಕೊಟ್ಟಂತೆ. ಭಾರ ಇಳಿಸದೆ ಭಂಗಿ ತಿದ್ದುವ ಉಪದೇಶ ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಭಾರ ಬೆನ್ನಿನ ಮೇಲಿರುವುದರಿಂದ ದುಡಿಯುವುದೂ ಬೆನ್ನಿನ ಸ್ನಾಯುಗಳೇ ಎಂಬುದು ಬಹಳ ಜನರ ಎಣಿಕೆ. ನಿಂತಿರುವಾಗ ವಿಷಯ ಉಲ್ಟಾ. ಬೆನ್ನೆಲುಬಿನ ಎರಡೂ ಮಗ್ಗುಲಲ್ಲಿ ಕಂಬದಂತೆ ಏರುವ ಎರೆಕ್ಟರ್ ಸ್ಪೈನೀ ಸ್ನಾಯುಗಳ ಕೆಲಸ ಮುಂಡ ಮುಂದಕ್ಕೆ ಬೀಳದಂತೆ ಹಿಂದಿನಿಂದ ಹಿಡಿಯುವುದು. ಚೀಲ ಈಗ ಅದೇ ದಿಕ್ಕಿಗೆ ಎಳೆಯುತ್ತಿರುವುದರಿಂದ ಅವುಗಳ ಕೆಲಸ ಹಗುರವಾಗುತ್ತದೆ. ಹೆಚ್ಚುವುದು ಹೊಟ್ಟೆಯ ಕೆಲಸ. ಎದೆಗೂಡಿನಿಂದ ಕೆಳಗೆ ಇಳಿಯುವ ನೇರ ಪಟ್ಟಿ ರೆಕ್ಟಸ್ ಅಬ್ಡಾಮಿನಿಸ್, ಅದರ ಅಕ್ಕಪಕ್ಕದ ಓರೆ ಸ್ನಾಯುಗಳು. ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಪರೀಕ್ಷೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕಾಲೇಜು ವಿದ್ಯಾರ್ಥಿಗಳ ಮೇಲೆ ಬೆಲ್ಜಿಯಂನವರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈತೂಕದ ಶೇ. 15ರಷ್ಟು ಭಾರವನ್ನು ಬೆನ್ನಿಗೇರಿಸಿದಾಗ ಹೊಟ್ಟೆಯ ಸ್ನಾಯುವಿನ ಚಟುವಟಿಕೆ ಏರಿತು, ಬೆನ್ನಿನದು ಇಳಿಯಿತು. ಜಪಾನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ಭಾರವನ್ನು ಶೇ. 10, 15, 20 ಎಂದು ಏರಿಸುತ್ತ ಹೋದರು. ನಿಂತಿದ್ದ ಆ ಯುವಕರು ಚೀಲ ಭಾರವಾದರೂ ತಮ್ಮ ನಿಲುವನ್ನು ಹೆಚ್ಚು ಬದಲಿಸಲಿಲ್ಲ. ಹೊಟ್ಟೆಯ ಸ್ನಾಯು ಮಾತ್ರ ಭಾರದ ಏರಿಕೆಯನ್ನೂ ಮೀರಿ ಏರಿತು. ಓಲದೆ ನಿಂತವರು ಹೊಟ್ಟೆಯಿಂದ ಹಣ ತೆತ್ತರು ಎಂದೇ ನಾನು ಅದನ್ನು ಓದಿಕೊಳ್ಳುತ್ತೇನೆ. ಆಳದ ಇಲಿಯೊಸೋವಸ್ ಆಗ ಎಷ್ಟು ದುಡಿಯಿತು ಎಂಬುದನ್ನು ಚರ್ಮದ ಮೇಲಿನ ಎಲೆಕ್ಟ್ರೋಡ್ ಹೇಳಲಾರದು, ಅದು ಮುಟ್ಟಲಾಗದಷ್ಟು ಒಳಗಿದೆ.

ಮೂರನೆಯ ದಾರಿಯೊಂದಿದೆ, ಬಸ್ ನಿಲ್ದಾಣದಲ್ಲಿ ಬಹಳ ಹೊತ್ತು ಕಾಯುವ ಮಕ್ಕಳಲ್ಲಿ ನೋಡಬಹುದು. ಸೊಂಟವನ್ನು ಮುಂದಕ್ಕೆ ತಳ್ಳಿ, ಎದೆಯನ್ನು ಹಿಂದಕ್ಕೆ ಬಿಟ್ಟು, ಕೆಳಬೆನ್ನನ್ನು ಕಮಾನಿನಂತೆ ಒಳಸೇರಿಸಿ ನಿಲ್ಲುವುದು. ಸೊಂಟದ ಕೀಲಿನ ಮುಂದೆ ಮೈಯಲ್ಲೇ ಅತಿ ಗಟ್ಟಿ ಎನ್ನಬಹುದಾದ ಕಟ್ಟುನಾರು ಒಂದಿದೆ. ಇಲಿಯೊಫೆಮೊರಲ್ ಎಂದು ಹೆಸರು. ಕೀಲನ್ನು ಹಿಂದಕ್ಕೆ ಪೂರ್ತಿ ಬಿಟ್ಟಾಗ ಆ ನಾರು ಬಿಗಿದು ಸ್ನಾಯುವಿನ ಬದಲು ತಾನೇ ಭಾರ ತಡೆಯುತ್ತದೆ. ಸ್ನಾಯುವಿಗೆ ರಜೆ. ಆದರೆ ಕೆಳಬೆನ್ನಿನ ಹಿಂಬದಿಯ ಸಣ್ಣ ಕೀಲುಗಳು ಒಂದಕ್ಕೊಂದು ಒತ್ತುತ್ತವೆ. ಮುಂದಕ್ಕೆ ಓಲಿದ ಮಗುವಿಗಿಂತ ಹೀಗೆ ಹಿಂದಕ್ಕೆ ನೇತುಬಿದ್ದು ನಿಂತ ಮಗುವನ್ನು ಕಂಡಾಗ ನಾನು ಹೆಚ್ಚು ಹೊತ್ತು ನೋಡುತ್ತೇನೆ. ಓಲುವುದನ್ನು ಕೈಬಿಟ್ಟು ನಾರಿನ ಮೊರೆ ಹೋಗಿದೆ ಎಂದರೆ ಹೊತ್ತದ್ದು ಸಾಕಾಗಿದೆ ಎಂದರ್ಥ.

ಮುಂದಕ್ಕೆ ಓಲುವುದು ಸೊಂಟಕ್ಕೆ ಪುಕ್ಕಟೆ ಅಂದೆ, ಇಡೀ ಮೈಗೆ ಹಾಗನ್ನಲಾರೆ. ಆ ಖರ್ಚು ಕಾಣುವುದು ಸೊಂಟದಲ್ಲಲ್ಲ, ಕುತ್ತಿಗೆಯಲ್ಲಿ. ಮುಂಡ 8 ಡಿಗ್ರಿ ಬಾಗಿದರೆ ಕಣ್ಣೂ ಅಷ್ಟೇ ನೆಲದ ಕಡೆಗೆ ತಿರುಗಬೇಕು. ಆದರೆ ಮಗು ರಸ್ತೆ ನೋಡಬೇಕಲ್ಲ. ಹಾಗಾಗಿ ಕುತ್ತಿಗೆ ಹಿಂದಕ್ಕೆ ಮಣಿದು, ಗಲ್ಲ ಮುಂದೆ ಚಾಚುತ್ತದೆ. ತಲೆಯ ಭಾರವನ್ನು ಹಿಡಿದಿರಬೇಕಾದ ಕತ್ತಿನ ಹಿಂಬದಿಯ ಸ್ನಾಯುಗಳಿಗೂ, ಹೆಗಲಪಟ್ಟಿಯ ಒತ್ತಡ ಮೊದಲೇ ತಿನ್ನುತ್ತಿರುವ ಟ್ರೆಪೀಜಿಯಸ್‌ಗೂ ಓವರ್‌ಟೈಮ್ ಶುರು. "ಬೆನ್ನು ನೋವಾ?" ಎಂದು ಕೇಳಿದರೆ ಹೆಚ್ಚಿನ ಮಕ್ಕಳು ಕೈ ಇಡುವುದು ಕತ್ತು ಮತ್ತು ಹೆಗಲಿನ ನಡುವೆ.

ಇಲ್ಲಿ ಮೈಸೂರಿನ ಆರ್. ಕೆ. ನಾರಾಯಣ್ ನೆನಪಾಗಬೇಕು. ರಾಜ್ಯಸಭೆಗೆ ನಾಮನಿರ್ದೇಶನಗೊಂಡಿದ್ದ ಅವರು 1989ರಲ್ಲಿ ಅಲ್ಲಿ ಮಾತಾಡಿದ್ದು ಶಾಲಾಮಕ್ಕಳ ಚೀಲದ ಬಗ್ಗೆ. ಭಾರ ಹೊತ್ತು ಹೊತ್ತು ಮಕ್ಕಳು ಬಗ್ಗಿ, ಕೈಗಳನ್ನು ಮುಂದಕ್ಕೆ ಇಳಿಬಿಟ್ಟು ಚಿಂಪಾಂಜಿಯ ಹಾಗೆ ನಡೆಯುತ್ತಿದ್ದಾರೆ ಎಂಬ ಅರ್ಥದ ಮಾತಾಡಿದರು. ಮುಂದೆ ಯಶ್‌ಪಾಲ್ ಸಮಿತಿ ರಚನೆಯಾಗಿ 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಬಗ್ಗೆ ವರದಿ ಕೊಟ್ಟಿತು. ಕಾದಂಬರಿಕಾರನ ಕಣ್ಣು ಎಷ್ಟು ಚುರುಕು ಎನ್ನಲು ಆ ಕೈಗಳೇ ಸಾಕ್ಷಿ. ಸೊಂಟದಿಂದ ಹೆಗಲಿಗೆ ನಮ್ಮ ಹುಡುಗನಲ್ಲಿ 45 ಸೆಂ.ಮೀ. 8 ಡಿಗ್ರಿ ಓಲಿದಾಗ ಹೆಗಲು ಆರು ಸೆಂ.ಮೀ. ಮುಂದೆ ಹೋಗುತ್ತದೆ. ಕೈಗಳು ಹೆಗಲಿನಿಂದ ನೇರ ಕೆಳಕ್ಕೇ ಜೋಲುವುದರಿಂದ ತೊಡೆಯ ಪಕ್ಕದಲ್ಲಿರಬೇಕಾದ ಅಂಗೈ ತೊಡೆಯ ಮುಂದೆ ಬರುತ್ತದೆ. ನಾರಾಯಣ್ ಕಂಡದ್ದು ಜೋಲುವ ಕೈ, ಕಾರಣ ಇದ್ದದ್ದು ಸೊಂಟದ ಓರೆಯಲ್ಲಿ.

ಇಷ್ಟು ಹೊತ್ತು ನಿಂತವನ ಕಥೆ. ನಡೆಯುವಾಗ ಸ್ನಾಯುಗಳ ಪಾಳಿ ಬದಲಾಗುತ್ತದೆ. ಹಿಮ್ಮಡಿ ನೆಲಕ್ಕೆ ತಾಗಿದ ಕ್ಷಣ ಕಾಲು ನಿಂತಿತು, ಮುಂಡ ಮತ್ತು ಚೀಲ ಬಂದ ವೇಗದಲ್ಲೇ ಮುಂದಕ್ಕೆ ಹೋಗಲು ನೋಡುತ್ತವೆ. ಬಸ್ಸಿಗೆ ಬ್ರೇಕ್ ಹಾಕಿದಾಗ ನಿಂತ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುವುದೂ ಇದೇ ಕಾರಣಕ್ಕೆ. ಆಗ ಹಿಂದಿನಿಂದ ಹಿಡಿದೆಳೆಯಬೇಕಾದದ್ದು ಪೃಷ್ಠದ ದೊಡ್ಡ ಸ್ನಾಯು ಗ್ಲೂಟಿಯಸ್ ಮ್ಯಾಕ್ಸಿಮಸ್, ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್‌ಗಳು, ಮತ್ತು ಈವರೆಗೆ ಆರಾಮಾಗಿದ್ದ ಎರೆಕ್ಟರ್ ಸ್ಪೈನೀ. ಮಿಲ್ ಸ್ಟ್ರೀಟಿನಂಥ ಏರಿನಲ್ಲಿ ಇವುಗಳ ಪಾಲು ಇನ್ನೂ ಹೆಚ್ಚು. ಪ್ರತಿ ಹೆಜ್ಜೆಗೂ 42 ಕಿಲೋವನ್ನು ಮುಂದಕ್ಕೆ ಮಾತ್ರವಲ್ಲ, ಮೇಲಕ್ಕೂ ದೂಡಬೇಕು. ಹಾಗಾಗಿ ಏರಿನಲ್ಲಿ ಮಕ್ಕಳು ಮತ್ತಷ್ಟು ಬಗ್ಗುತ್ತಾರೆ. ಸೊಂಟ ಮಡಚಿದಾಗ ಪೃಷ್ಠದ ಸ್ನಾಯು ಕೊಂಚ ಹಿಗ್ಗಿ, ದೂಡಲು ಒಳ್ಳೆಯ ಪಟ್ಟು ಸಿಗುತ್ತದೆ.

ಹಾಂಗ್‌ಕಾಂಗ್‌ನಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನಗೆ ಇಷ್ಟ. ಮೈತೂಕದ ಶೇ. 20ರ ಭಾರಕ್ಕೆ ಬಂದಾಗ ಮುಂಡದ ಓರೆ ಎದ್ದು ಕಾಣುವಷ್ಟು ಹೆಚ್ಚಿತು. ಜೊತೆಗೆ ಇನ್ನೆರಡು ಸಂಗತಿ ಬದಲಾದವು. ಎರಡೂ ಪಾದ ನೆಲದ ಮೇಲಿರುವ ಹೊತ್ತು ಉದ್ದವಾಯಿತು, ಮುಂಡದ ಆಡುವಿಕೆ ಕಡಿಮೆಯಾಯಿತು. ಒಂಟಿ ಕಾಲಿನ ಮೇಲೆ ನಿಲ್ಲುವ ಹೊತ್ತನ್ನು ಮಕ್ಕಳು ತಾವಾಗಿಯೇ ಕತ್ತರಿಸಿಕೊಂಡಿದ್ದರು.

ಒಂಟಿ ಕಾಲಿನ ಹೊತ್ತು ಅಷ್ಟು ದುಬಾರಿಯಾಗಲು ಕಾರಣ ಇನ್ನೊಂದು ಸ್ನಾಯು. ಸೊಂಟದ ಪಕ್ಕಕ್ಕೆ, ಪ್ಯಾಂಟಿನ ಜೇಬಿನ ಮೇಲ್ಭಾಗಕ್ಕೆ ಬೆರಳಿಟ್ಟು ಒಂದು ಕಾಲೆತ್ತಿ ನೋಡಿ. ನಿಂತ ಕಾಲಿನ ಕಡೆ ಬೆರಳಡಿಯಲ್ಲಿ ಗಟ್ಟಿಯಾಗುವುದೇ ಗ್ಲೂಟಿಯಸ್ ಮೀಡಿಯಸ್. ಎತ್ತಿದ ಕಾಲಿನ ಕಡೆಗೆ ಸೊಂಟ ಕುಸಿಯದಂತೆ ಹಿಡಿಯುವುದು ಅದರ ಕೆಲಸ. ಮೈತೂಕ ಕೀಲಿನಿಂದ ದೂರದಲ್ಲಿ, ಸ್ನಾಯು ಹತ್ತಿರದಲ್ಲಿ ಇರುವುದರಿಂದ ಮೇಲಿರುವ ಒಂದೊಂದು ಕಿಲೋಗೂ ಅದು ಸುಮಾರು ಎರಡು ಕಿಲೋದಷ್ಟು ಎಳೆಯಬೇಕು. 6 ಕಿಲೋ ಚೀಲ ಅದಕ್ಕೆ ಹೆಜ್ಜೆಗೆ ಹನ್ನೆರಡು ಕಿಲೋ ಹೆಚ್ಚುವರಿ.

ಇಲ್ಲಿಯ ಹದಿಹರೆಯದವರಿಗೆ ಎರಡು ಪಟ್ಟಿ ಹಾಕಿಕೊಳ್ಳುವುದು ಮರ್ಯಾದೆಗೆ ಕಡಿಮೆ, ಆದರೆ ಚೀಲವನ್ನು ಒಂದೇ ಹೆಗಲಿಗೆ ನೇತುಹಾಕಿದರೆ ಲೆಕ್ಕ ಇನ್ನೂ ಕೆಡುತ್ತದೆ. ಚೀಲ ಬಲ ಹೆಗಲಿನಲ್ಲಿದ್ದು ಎಡಗಾಲಿನ ಮೇಲೆ ನಿಂತ ಕ್ಷಣವನ್ನು ನೋಡಿ. ಭಾರ ಎಡ ಸೊಂಟದ ಕೀಲಿನಿಂದ ಆದಷ್ಟೂ ದೂರದಲ್ಲಿದೆ, ಎಡಗಡೆಯ ಮೀಡಿಯಸ್ ಒಂದೇ ಅದನ್ನೆಲ್ಲ ಎಳೆದು ನಿಲ್ಲಿಸಬೇಕು. ಅದರ ಮೇಲೆ, ಮುಂಡ ಬಲಕ್ಕೆ ಬಾಗದಂತೆ ತಡೆಯಲು ಎಡಗಡೆಯ ಬೆನ್ನಿನ ಕಂಬ, ಸೊಂಟದ ಪಕ್ಕದ ಕ್ವಾಡ್ರೇಟಸ್ ಲಂಬೋರಮ್, ಹೊಟ್ಟೆಯ ಓರೆ ಸ್ನಾಯು ಮೂರೂ ದುಡಿಯುತ್ತವೆ. ಬಲ ಹೆಗಲು ಮೇಲಕ್ಕೆ ಎತ್ತಿರುವುದು, ಮುಂಡ ಎಡಕ್ಕೆ ವಾಲಿರುವುದು ದೂರದಿಂದಲೇ ಕಾಣುತ್ತದೆ. ಎಡ ಬಲದ ಈ ಅಸಮತೆಯನ್ನು ಬೆಲ್ಜಿಯಂನ ಆ ಅಧ್ಯಯನವೂ ಒಂದೇ ಹೆಗಲಿನ ಚೀಲದಲ್ಲಿ ಅಳೆದು ತೋರಿಸಿದೆ.

ಇನ್ನು ಮತ್ತೆ ನಮ್ಮ ಹುಡುಗನ ಹಾಲ್‌ಗೆ ಬರೋಣ. ಅವನ ಪಟ್ಟಿಗಳು ಸಡಿಲವಾಗಿದ್ದವು, ಚೀಲದ ತಳ ಪೃಷ್ಠದ ಮೇಲೆ ಬಡಿಯುತ್ತಿತ್ತು. ಬೂಟು ಮತ್ತು ಬಾಟಲಿ ಹೊರಜೇಬಿನ ಕಡೆಗೆ, ಕ್ರೋಮ್‌ಬುಕ್ ನಡುವೆ ಎಲ್ಲೋ. ಹೀಗೆ ಇಳಿಬಿದ್ದಾಗ ಚೀಲದ ನಡುಬಿಂದು ಸೊಂಟದ ಕೀಲಿನಿಂದ ಎಂಟೇ ಸೆಂ.ಮೀ. ಮೇಲೆ, ಆದರೆ 24 ಸೆಂ.ಮೀ. ಹಿಂದೆ. ಹಿಂದಕ್ಕೆ ಎಳೆಯುವುದು ಹೆಚ್ಚಾಯಿತು. ಓಲಿದಾಗ ಮುಂದಕ್ಕೆ ಬರುವುದು ಕಡಿಮೆಯಾಯಿತು, ಏಕೆಂದರೆ ಕೀಲಿಗೆ ಹತ್ತಿರವಿರುವ ವಸ್ತು ಎಷ್ಟು ಓಲಿದರೂ ಹೆಚ್ಚು ಜರುಗುವುದಿಲ್ಲ. ಅದೇ ಆರು ಕಿಲೋ, ಆದರೆ ಬೇಕಾದ ಓರೆ 8ರಿಂದ 11 ಡಿಗ್ರಿಗೆ ಏರಿತು. ಒಂದು ಪುಸ್ತಕವನ್ನೂ ಸೇರಿಸದೆ ಚೀಲ ಭಾರವಾಗುವುದು ಹೀಗೆ.

ಪಕ್ಕದಿಂದ ಫೋನಿನಲ್ಲಿ ಚಿತ್ರ ತೆಗೆದೆವು. ತೊಡೆಮೂಳೆ ಹೊರಗೆ ಉಬ್ಬಿ ಸಿಗುವ ಜಾಗಕ್ಕೆ ಒಂದು ಬಣ್ಣದ ಸ್ಟಿಕ್ಕರ್, ಹೆಗಲ ತುದಿಗೆ ಒಂದು. ಬಾಗಿಲಿನ ಚೌಕಟ್ಟು ನೆಟ್ಟಗಿರುವುದರಿಂದ ಅದೇ ನಮ್ಮ ಲಂಬರೇಖೆ. ಮೊದಲು ಚೀಲವಿಲ್ಲದೆ, ಆಮೇಲೆ ಹೊತ್ತು. ಎರಡರ ನಡುವಿನ ವ್ಯತ್ಯಾಸವಷ್ಟೇ ಲೆಕ್ಕಕ್ಕೆ, ಏಕೆಂದರೆ ಕೆಲವರು ಚೀಲವಿಲ್ಲದೆಯೂ ಸ್ವಲ್ಪ ಮುಂದೆ ನಿಲ್ಲುತ್ತಾರೆ. ವ್ಯತ್ಯಾಸ ಸುಮಾರು 7 ಡಿಗ್ರಿ ಬಂತು. ಇಂಥ ಚಿತ್ರದಲ್ಲಿ ಒಂದೆರಡು ಡಿಗ್ರಿ ಅತ್ತಿತ್ತ ಆಗುವುದು ಸಹಜ. ಲೆಕ್ಕ 11 ಕೇಳುತ್ತಿದೆ, ಮೈ 7 ಕೊಟ್ಟಿದೆ. ಉಳಿದ ನಾಲ್ಕನ್ನು ಯಾರು ಕೊಟ್ಟರು? ಹರಡಿನಿಂದ ಒಂದಿಷ್ಟು ವಾಲಿ, ಮಿಕ್ಕಿದ್ದನ್ನು ಹೊಟ್ಟೆ ಮತ್ತು ಸೊಂಟದ ಮುಂಭಾಗದ ಸ್ನಾಯುಗಳು ಎಳೆದು ಕಟ್ಟಿದ್ದವು. ಹೊಕ್ಕುಳಿನ ಪಕ್ಕ ಬೆರಳೊತ್ತಿದರೆ ಅಲ್ಲಿನ ಬಿಗಿ ಕೈಗೇ ಸಿಗುತ್ತಿತ್ತು. ಚೀಲ ಇಳಿಸಿದ ಕೂಡಲೇ ಅದು ಮೆತ್ತಗಾಯಿತು. "ಇದೇನು ಸಿಕ್ಸ್ ಪ್ಯಾಕಾ?" ಅಂತ ಹುಡುಗ ತನ್ನ ಹೊಟ್ಟೆಯನ್ನೇ ತಾನು ಒತ್ತಿ ನೋಡಿಕೊಂಡ.

ಬದಲಾಯಿಸಿದ್ದು ಸ್ವಲ್ಪವೇ. ಕ್ರೋಮ್‌ಬುಕ್ಕನ್ನು ಬೆನ್ನಿಗೆ ತಾಗುವ ಅರೆಗೆ, ಪುಸ್ತಕ ಅದರ ಪಕ್ಕಕ್ಕೆ, ಹಗುರವಾದ ಬಟ್ಟೆ ಹೊರಗಡೆಗೆ. ಬಾಟಲಿ ಖಾಲಿ ಒಯ್ದು ಶಾಲೆಯಲ್ಲಿ ತುಂಬಿಸಿಕೊಳ್ಳುವುದು. ಅಲ್ಲಿಗೆ ಅರ್ಧ ಕಿಲೋಗೂ ಮೇಲೆ ಇಳಿಯಿತು. ಪಟ್ಟಿಗಳನ್ನು ಎಳೆದು ಚೀಲದ ತಳ ಸೊಂಟದ ಪಟ್ಟಿಗಿಂತ ಕೆಳಗಿಳಿಯದಂತೆ ಮಾಡಿದೆವು. ಈಗ ನಡುಬಿಂದು 16 ಸೆಂ.ಮೀ. ಹಿಂದೆ, 30 ಸೆಂ.ಮೀ. ಮೇಲೆ. ಲೆಕ್ಕ ಕೇಳುವ ಓರೆ 6 ಡಿಗ್ರಿ. ಚಿತ್ರದಲ್ಲಿ ಬಂದದ್ದು ಸುಮಾರು 5. ಓರೆ ಎರಡೇ ಡಿಗ್ರಿ ಇಳಿದಂತೆ ಕಾಣುತ್ತದೆ. ನಿಜವಾಗಿ ಇಳಿದದ್ದು ಲೆಕ್ಕಕ್ಕೂ ಮೈಗೂ ನಡುವೆ ಇದ್ದ ಬಾಕಿ, ಸ್ನಾಯುಗಳು ಕಟ್ಟುತ್ತಿದ್ದ ಪಾಲು. ಸೊಂಟಕ್ಕೆ ಕಟ್ಟುವ ಬೆಲ್ಟ್ ಇರುವ ಚೀಲವಾದರೆ ಭಾರದ ಒಂದು ಪಾಲು ಹೆಗಲು ಬಿಟ್ಟು ನೇರ ಸೊಂಟದ ಮೂಳೆಗೇ ಇಳಿಯುತ್ತದೆ. ಆದರೆ ಅದನ್ನು ಕಟ್ಟಿಕೊಂಡು ಶಾಲೆಗೆ ಹೋಗುವ ಹನ್ನೊಂದರ ಹುಡುಗನನ್ನು ನಾನಿನ್ನೂ ಕಂಡಿಲ್ಲ.

ಚೀಲ ತೀರ ಮೇಲೆ ಹೋಗುವುದೂ ಒಳ್ಳೆಯದಲ್ಲ. ಭಾರ ಕತ್ತಿನ ಹತ್ತಿರ ಬಂದರೆ ಓರೆ ಕಡಿಮೆಯಾದರೂ ನಡೆಯುವಾಗ ಮೇಲ್ಭಾಗ ಹೆಚ್ಚು ತೂರಾಡುತ್ತದೆ, ಅದನ್ನು ಹಿಡಿಯಲು ಹೆಗಲು ಮತ್ತು ಬೆನ್ನಿನ ಸ್ನಾಯುಗಳು ಹೆಚ್ಚು ದುಡಿಯುತ್ತವೆ. ನಡುಬೆನ್ನಿನ ಎತ್ತರ ಹದವಾದದ್ದು.

ಅಮ್ಮನ ನಿಜವಾದ ಪ್ರಶ್ನೆ ಕೊನೆಗೆ ಬಂತು. "ಇದರಿಂದ ಬೆನ್ನು ಶಾಶ್ವತವಾಗಿ ಕೆಡುತ್ತಾ ಸರ್?" ಓರೆ ಬೇರೆ, ಹಾನಿ ಬೇರೆ ಎಂದು ಹೇಳಬೇಕಾಯಿತು. ಶಾಲಾ ಚೀಲ ಮತ್ತು ಬೆನ್ನುನೋವಿನ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿದ ಒಂದು ಪರಿಶೀಲನೆ 2018ರಲ್ಲಿ ಇಲ್ಲಿಯ ಕ್ರೀಡಾವೈದ್ಯ ಪತ್ರಿಕೆಯೊಂದರಲ್ಲಿ ಬಂದಿತ್ತು. ಚೀಲದ ತೂಕವೇ ಮಕ್ಕಳ ಬೆನ್ನುನೋವಿಗೆ ಕಾರಣ ಎನ್ನಲು ನಂಬುವಂಥ ಆಧಾರ ಅದಕ್ಕೆ ಸಿಗಲಿಲ್ಲ. ಚೀಲ ಇಳಿಸಿದ ಮೇಲೆ ಓರೆಯೂ ಇಳಿಯುತ್ತದೆ. ಇಳಿಸಿ ಬಹಳ ಹೊತ್ತಾದರೂ ಮಗು ನೆಟ್ಟಗಾಗದಿದ್ದರೆ, ನೋವು ರಾತ್ರಿ ನಿದ್ದೆಗೆಡಿಸಿದರೆ, ಕೈ ಕಾಲು ಜೋಮು ಹಿಡಿದರೆ, ಬಗ್ಗಿದಾಗ ಬೆನ್ನಿನ ಒಂದು ಮಗ್ಗುಲು ಉಬ್ಬಿ ಕಂಡರೆ, ಅದು ಚೀಲದ ವಿಷಯವಲ್ಲ. ವೈದ್ಯರಿಗೆ ತೋರಿಸಬೇಕು.

ಹಾಗಾದರೆ ತೂಕದ ಮಿತಿ ಯಾಕೆ? ಕರ್ನಾಟಕ ಸರ್ಕಾರ 2019ರಲ್ಲಿ ಹೊರಡಿಸಿದ ಆದೇಶದಲ್ಲಿ ಒಂದು ಎರಡನೇ ತರಗತಿಗೆ 2 ಕಿಲೋ, ಮೂರರಿಂದ ಐದಕ್ಕೆ 3, ಆರರಿಂದ ಎಂಟಕ್ಕೆ 4, ಒಂಬತ್ತು ಹತ್ತಕ್ಕೆ 5 ಕಿಲೋ ಮೀರಬಾರದು ಎಂದಿದೆ. ಮೈತೂಕದ ಹತ್ತನೇ ಒಂದು ಪಾಲು ಎಂಬ ಲೆಕ್ಕ ಇದರ ಹಿಂದಿದೆ. ಹತ್ತು ದಾಟಿದ ಕೂಡಲೇ ಏನೋ ಮುರಿಯುತ್ತದೆ ಎಂದಲ್ಲ. ಅಷ್ಟರೊಳಗೆ ಇದ್ದರೆ ಮೈ ಕೊಂಚ ಓಲಿ, ಸ್ನಾಯುವಿಗೆ ಹೆಚ್ಚು ಹೇಳದೆ, ತೂಗಿಸಿಕೊಳ್ಳುತ್ತದೆ. ಶೇ. 20ರ ಕಡೆ ಹೋದಂತೆ ನಡಿಗೆಯೇ ಬದಲಾಗುತ್ತದೆ. ನಮ್ಮ ಹುಡುಗನಿಗೆ ಆ ಹತ್ತರ ಲೆಕ್ಕ 3.6 ಕಿಲೋ, ಹಾಸನದಲ್ಲಿ ಓದುತ್ತಿದ್ದರೆ ಹತ್ತಿರ ಹತ್ತಿರ ಅಷ್ಟೇ ಹೊರಬೇಕಿತ್ತು. ಇಲ್ಲಿ ಐದೂಕಾಲು ಕಿಲೋಗೂ ಮೇಲೆ ಉಳಿದಿತ್ತು, ಬೂಟಿಲ್ಲದ ದಿನ ನಾಲ್ಕೂವರೆ.

ಅಳತೆಯ ಹೊತ್ತೂ ಮುಖ್ಯ ಎಂದು ಅವರಿಗೆ ಹೇಳಿ ಬಂದೆ. ಬೆಳಿಗ್ಗೆ ಬಾಗಿಲಲ್ಲಿ ನಿಂತಾಗ ಸ್ನಾಯು ತಾಜಾ ಇರುತ್ತದೆ, ಓರೆಯ ಬಾಕಿಯನ್ನು ಸುಲಭವಾಗಿ ಕಟ್ಟಿಬಿಡುತ್ತದೆ, ಚಿತ್ರವೂ ಚೆನ್ನಾಗಿ ಬರುತ್ತದೆ. ಸಂಜೆ ಇಳಿಜಾರು ಇಳಿದು ಮನೆಗೆ ಬಂದವನನ್ನು ಶೂ ಬಿಚ್ಚುವ ಮುಂಚೆ, ಚೀಲ ಇನ್ನೂ ಬೆನ್ನಿನ ಮೇಲಿರುವಾಗ ನಿಲ್ಲಿಸಿ ಚಿತ್ರ ತೆಗೆಯಬೇಕು.